ಗೋಲ್ಡ್ ಅಂದ್ರೆ ಎಷ್ಟು ಸ್ವಾಮಿ?

ಗೊಬ್ಬರದ ಅಂಗಡಿಗೆ ಹೋಗಿ ನೋಡಿ. ಚೀಲದ ಮೇಲೆ 17-17-17 ಅಂತಲೋ 10-26-26 ಅಂತಲೋ ದಪ್ಪಗೆ ಬರೆದಿರುತ್ತೆ. ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ಎಷ್ಟೆಷ್ಟು ಪಾಲು ಅನ್ನೋದೇ ಅದರ ಹೆಸರು. ಓದು ಬಾರದ ರೈತನೂ ಸರಿಯಾದ ಚೀಲ ಕೇಳಿ ತರ್ತಾನೆ. ಬಿಇ ಮಾಡಿ ಗಾಜಿನ ಕಟ್ಟಡದಲ್ಲಿ ಕೂತ ನಾವು ನಮ್ಮ ಸರಕಿಗೆ ಇಡೋ ಹೆಸರೇನು? ಸಿಲ್ವರ್, ಗೋಲ್ಡ್, ಪ್ಲಾಟಿನಂ.

ಈ ಹೆಸರುಗಳು ಹೇಳೋದು ಒಂದೇ ಮಾತು: ಇದಕ್ಕಿಂತ ಅದು ದುಬಾರಿ. ಅದನ್ನು ಕೆಳಗಿರೋ ಬೆಲೆಯೇ ಹೇಳುತ್ತಲ್ಲ, ಹೆಸರು ಯಾಕೆ ಬೇಕು?

ಅಂಗಡಿಗಳಿಗೆ ಬಿಲ್ ಹಾಕೋ ಒಂದು ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ತಿಂಗಳಿಗೆ 199, 499, 999 ರೂಪಾಯಿಯ ಮೂರು ಪ್ಲಾನ್. ಸಿಲ್ವರ್‌ನಲ್ಲಿ ಒಬ್ಬರು ಬಿಲ್ ಹಾಕಬಹುದು, ಗೋಲ್ಡ್‌ನಲ್ಲಿ ಮೂವರು, ಪ್ಲಾಟಿನಂನಲ್ಲಿ ಹತ್ತು ಜನ ಮತ್ತು ಐದು ಶಾಖೆ. ಕೆಳಗೆ ಮೂವತ್ತು ಸಾಲಿನ ಪಟ್ಟಿ, ಅದರಲ್ಲಿ ಇಪ್ಪತ್ತಾರು ಸಾಲಿಗೆ ಮೂರೂ ಕಡೆ ಹಸಿರು ಟಿಕ್. ತಿಪಟೂರಿನ ಹಾರ್ಡ್‌ವೇರ್ ಅಂಗಡಿಯವರಿಗೆ ಬೇಕಾದ್ದು ಒಂದೇ ಉತ್ತರ: ನಾನು, ನನ್ನ ಮಗ ಇಬ್ಬರೂ ಬಿಲ್ ಹಾಕಬಹುದಾ? ಆ ಉತ್ತರ ಹತ್ತೊಂಬತ್ತನೇ ಸಾಲಿನಲ್ಲಿ ಅಡಗಿ ಕೂತಿದೆ. ಅಷ್ಟು ಕೆಳಗೆ ಹೋಗೋ ಮುಂಚೆ ಅವರು ಪುಟ ಮುಚ್ಚಿರ್ತಾರೆ.

ಇದನ್ನೇ ಹೀಗೆ ಮಾಡಿ. ಹೆಸರು: 'ಒಬ್ಬರ ಅಂಗಡಿ', 'ಮೂವರ ಅಂಗಡಿ', 'ಶಾಖೆಗಳಿರೋ ಅಂಗಡಿ'. ಹೆಸರಿನ ಕೆಳಗೆ ಒಂದೇ ಸಾಲು: ಬಿಲ್ ಹಾಕೋರು ಎಷ್ಟು, ಅಂಗಡಿ ಎಷ್ಟು. ಆಮೇಲೆ ಬೆಲೆ. ಆಮೇಲೆ ವ್ಯತ್ಯಾಸ ಇರೋ ನಾಲ್ಕು ಸಾಲು ಮಾತ್ರ. ಉಳಿದ ಇಪ್ಪತ್ತಾರನ್ನು 'ಎಲ್ಲ ಪ್ಲಾನಿನಲ್ಲೂ ಇರೋದು' ಅಂತ ಕೆಳಗೆ ಒಟ್ಟಿಗೆ ಹಾಕಿ. ನಾಲ್ಕನೆಯವನು ಬಂದರೆ ಏನಾಗುತ್ತೆ, ಲಾಗಿನ್ ಆಗೋದೇ ಇಲ್ವಾ, ತಲೆಗಿಷ್ಟು ಅಂತ ಕಟ್ಟಬೇಕಾ, ಅದನ್ನೂ ಅಲ್ಲೇ ಹೇಳಿ.

ಇದು ಹಳ್ಳಿ ಜನಕ್ಕೆ ಮಾತ್ರ ಅನ್ನಬೇಡಿ. ಮೈಕ್ರೋಸಾಫ್ಟ್ 365ರಲ್ಲಿ 'ಪರ್ಸನಲ್' ಒಬ್ಬರಿಗೆ, 'ಫ್ಯಾಮಿಲಿ' ಆರು ಜನರವರೆಗೆ. ಯಾರದು ಯಾವುದು ಅಂತ ಹೆಸರೇ ಹೇಳುತ್ತೆ. ನೆಟ್‌ಫ್ಲಿಕ್ಸ್ 2019ರಲ್ಲಿ ಭಾರತಕ್ಕೆ 199 ರೂಪಾಯಿಯ 'ಮೊಬೈಲ್' ಪ್ಲಾನ್ ತಂತು. ಟಿವಿಯಲ್ಲಿ ಬರಲ್ಲ ಅನ್ನೋ ಮಿತಿ ಹೆಸರಿನಿಂದಲೇ ಊಹಿಸಬಹುದು. ಅದೇ ಕಂಪನಿಯ 'ಸ್ಟ್ಯಾಂಡರ್ಡ್'ನಲ್ಲಿ ಏಕಕಾಲಕ್ಕೆ ಎಷ್ಟು ಪರದೆ ಅಂತ ಓದದೆ ಹೇಳಿ ನೋಡೋಣ!

ಇನ್ನು ಬೆಲೆ. ದೊಡ್ಡದಾಗಿ 499 ಅಂತ ಬರೆದು, ಇರುವೆ ಗಾತ್ರದಲ್ಲಿ 'ವಾರ್ಷಿಕ ಪಾವತಿ, ಜಿಎಸ್‌ಟಿ ಪ್ರತ್ಯೇಕ' ಅಂತ ಸೇರಿಸೋದು ರೂಢಿ. ಲೆಕ್ಕ ಹಾಕಿ: ವರ್ಷಕ್ಕೆ 5,988, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 7,065 ರೂಪಾಯಿ 84 ಪೈಸೆ. ಕಾರ್ಡಿನಿಂದ ಹೋಗೋ ದುಡ್ಡು ಅದು. ಅದನ್ನೂ 499ರ ಪಕ್ಕದಲ್ಲೇ, ಕಣ್ಣಿಗೆ ಕಾಣೋ ಹಾಗೆ ಬರೆಯೋಕೆ ಏನು ಕಷ್ಟ?

ಮಾರ್ಕೆಟಿಂಗ್‌ನವರು ಹೇಳ್ತಾರೆ, "ಗೋಲ್ಡ್ ಅಂದ್ರೆ ಜನಕ್ಕೆ ಆಸೆ ಹುಟ್ಟುತ್ತೆ, ಮಧ್ಯದ್ದಕ್ಕೆ 'ಅತಿ ಜನಪ್ರಿಯ' ಪಟ್ಟಿ ಅಂಟಿಸಿದರೆ ಅದನ್ನೇ ತಗೋತಾರೆ" ಅಂತ. ತಗೋತಾರೆ, ನಿಜ. ಪುಟ ತೆರೆದ ಮೊದಲ ದಿನವೇ, ಒಬ್ಬ ಗಿರಾಕಿಯೂ ಬರೋ ಮುಂಚೆ, ಅದು ಜನಪ್ರಿಯ ಆಗಿದ್ದು ಹೇಗೆ ಅಂತ ಮಾತ್ರ ಯಾರೂ ಕೇಳಲ್ಲ. ಒಬ್ಬರೇ ಇರೋ ಅಂಗಡಿಗೆ ಮೂವರ ಪ್ಲಾನ್ ಮಾರಿದರೆ ಮುಂದಿನ ವರ್ಷ ಅವರು ನವೀಕರಣ ಮಾಡಲ್ಲ, ಪಕ್ಕದ ಅಂಗಡಿಯವರಿಗೂ ಬೇಡ ಅಂತಾರೆ.

"ನಮ್ಮ ಪ್ಲಾನಿಗೆ ಅಂಥ ಹೆಸರು ಕೂರಲ್ಲ" ಅಂತ ಇನ್ನೊಂದು ವಾದ. ಕೂರದೇ ಇರಬಹುದು. ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಫೈಲು ಗೋಲ್ಡ್‌ನಲ್ಲಿ ಮಾತ್ರ ಸಿಗುತ್ತೆ ಅಂದರೆ, ಆ ಫೈಲು ಬೇಕಾದ ಒಂಟಿ ಅಂಗಡಿಯವರಿಗೆ 'ಒಬ್ಬರ ಅಂಗಡಿ' ಅನ್ನೋ ಹೆಸರು ಸುಳ್ಳಾಗುತ್ತೆ. ಆಗ ತಪ್ಪು ಹೆಸರಿನದ್ದಲ್ಲ, ಪ್ಲಾನನ್ನು ಕತ್ತರಿಸಿದ ರೀತಿಯದ್ದು. ಆ ಫೈಲನ್ನು ಮೂರಕ್ಕೂ ಕೊಡಿ, ಇಲ್ಲಾ ಬೇರೆಯಾಗಿ ಮಾರಿ. ಎರಡು ಪದದಲ್ಲಿ ಹೆಸರಿಡೋಕೆ ಆಗದ ಪ್ಲಾನ್ ಇನ್ನೂ ಮಾರೋಕೆ ತಯಾರಾಗಿಲ್ಲ ಅಂತಲೇ ನನ್ನ ವಾದ.

ಪರೀಕ್ಷೆ ಸುಲಭ. ಬೆಲೆಗಳ ಮೇಲೆ ಕಾಗದ ಮುಚ್ಚಿ, ನಿಜವಾದ ಅಂಗಡಿಯವರಿಗೆ ಪುಟ ತೋರಿಸಿ, "ನಿಮ್ಮದು ಯಾವುದು, ಯಾಕೆ?" ಅಂತ ಕೇಳಿ. "ನಾವಿಬ್ಬರಿದ್ದೀವಿ, ಅದಕ್ಕೆ ಇದು" ಅಂದರೆ ಪುಟ ಪಾಸು. "ಮಧ್ಯದ್ದು ಇರಲಿ ಬಿಡಿ" ಅಂದರೆ ಫೇಲು, ಅವರು ಅದನ್ನೇ ಕೊಂಡರೂ ಕೂಡ.