ಮೂರು ಊರು, ಮೂರು ಕಂಪನಿ, ಒಂದೇ ಪಿಎಫ್

ಗುಜರಾತಿಗೆ ಬಂದ ನಮ್ಮವರಲ್ಲಿ ಒಂದೇ ಊರಲ್ಲಿ ನೆಲೆ ನಿಂತವರು ಕಡಿಮೆ. ಅಹಮದಾಬಾದಿನಲ್ಲಿ ಶುರು, ವಡೋದರದಲ್ಲಿ ಬಡ್ತಿ, ಆಮೇಲೆ ಸೂರತ್. ಇಲ್ಲವೇ ಇದರ ಉಲ್ಟಾ. ಪ್ರತಿ ಸಲ ಕೆಲಸ ಬದಲಿಸಿದಾಗಲೂ ಹಿಂದೆ ಒಂದು ಪಿಎಫ್ ಖಾತೆ ಉಳಿದುಬಿಡುತ್ತದೆ. ಗದಗ ಕಡೆಯ ಒಬ್ಬ ಹುಡುಗ ಹೋದ ದೀಪಾವಳಿಯ ಹೊತ್ತಿಗೆ ಫೋನ್ ಮಾಡಿ, "ಅಣ್ಣಾ, ಹಿಂದಿನ ಎರಡೂ ಕಂಪನಿ ಪಿಎಫ್ ತೆಗೆದು ಬೈಕ್ ತಗೊಬೇಕಂತ ಮಾಡೀನಿ, ಹೆಂಗ್ ಮಾಡ್ಲಿ?" ಅಂದ. ಅವನ ಲೆಕ್ಕ ಹೆಚ್ಚುಕಡಿಮೆ ನಿಮ್ಮೆಲ್ಲರ ಲೆಕ್ಕದ ಹಾಗೇ ಇರುವುದರಿಂದ ಈ ತಿಂಗಳು ಅದನ್ನೇ ಬಿಡಿಸಿಡುತ್ತೇನೆ.

ಅವನು 2021ರ ಜೂನ್‌ನಲ್ಲಿ ಅಹಮದಾಬಾದಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರಿದ. ಮೂಲ ವೇತನ, ಅಂದರೆ ಬೇಸಿಕ್, 14,000 ರೂಪಾಯಿ. ಅಲ್ಲಿ 28 ತಿಂಗಳು ಇದ್ದ. 2023ರ ಅಕ್ಟೋಬರ್‌ನಲ್ಲಿ ವಡೋದರ, ಬೇಸಿಕ್ 22,000, ಅಲ್ಲಿ 23 ತಿಂಗಳು. 2025ರ ಸೆಪ್ಟೆಂಬರ್‌ನಿಂದ ಸೂರತ್.

ಮೊದಲು ಅಹಮದಾಬಾದಿನ ತಿಂಗಳ ಲೆಕ್ಕ ನೋಡೋಣ. ಅವನ ಸಂಬಳದಿಂದ ಬೇಸಿಕ್‌ನ ಶೇ. 12 ಕಡಿತ, ಅಂದರೆ 1,680 ರೂಪಾಯಿ. ಕಂಪನಿಯೂ ಅಷ್ಟೇ ಕೊಡುತ್ತದೆ. ಆದರೆ ಕಂಪನಿಯ 1,680 ಪೂರ್ತಿ ಪಿಎಫ್ ಖಾತೆಗೆ ಹೋಗುವುದಿಲ್ಲ. ಅದರಲ್ಲಿ ಬೇಸಿಕ್‌ನ ಶೇ. 8.33, ಅಂದರೆ 1,166 ರೂಪಾಯಿ, 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 514 ರೂಪಾಯಿ ಮಾತ್ರ ಪಿಎಫ್‌ಗೆ. ಹಾಗಾಗಿ ಬಡ್ಡಿ ಬೆಳೆಯುವ ಡಬ್ಬಿಗೆ ತಿಂಗಳಿಗೆ ಬಿದ್ದದ್ದು 2,194 ರೂಪಾಯಿ. "ಕಂಪನಿ ನನ್ನಷ್ಟೇ ಹಾಕ್ತದಂತ ಹೇಳಿದ್ರು, ಪಾಸ್‌ಬುಕ್‌ನಾಗ ಅಷ್ಟಿಲ್ಲ" ಎನ್ನುವ ದೂರಿಗೆ ಹೆಚ್ಚಿನ ಸಲ ಇದೇ ಉತ್ತರ. ಪಾಸ್‌ಬುಕ್‌ನ ಕೊನೆಯ ಕಾಲಂ ನೋಡಿ, ಆ ದುಡ್ಡು ಪಿಂಚಣಿಯ ಹೆಸರಲ್ಲಿ ಅಲ್ಲಿರುತ್ತದೆ.

ವಡೋದರದಲ್ಲಿ ಬೇಸಿಕ್ 22,000 ಆಯಿತು. ಪಿಂಚಣಿ ಪಾಲಿಗೆ 15,000 ರೂಪಾಯಿ ವೇತನದ ಮಿತಿ ಇರುವುದರಿಂದ ಅದು 1,250ಕ್ಕೆ ನಿಲ್ಲುತ್ತದೆ. ಅವನ ಪಾಲು 2,640, ಕಂಪನಿಯ ಪಾಲಿನಲ್ಲಿ ಪಿಂಚಣಿ ಕಳೆದು 1,390, ಒಟ್ಟು 4,030. (ಎಲ್ಲ ಕಂಪನಿಯೂ ಪೂರ್ತಿ ಬೇಸಿಕ್ ಮೇಲೆ ಕಟ್ಟುವುದಿಲ್ಲ. ಕೆಲವು 15,000ದ ಮೇಲಷ್ಟೇ ಲೆಕ್ಕ ಹಾಕಿ 1,800ಕ್ಕೆ ನಿಲ್ಲಿಸುತ್ತವೆ. ಅದು ತಪ್ಪಲ್ಲ. ಆಫರ್ ಲೆಟರ್ ಬಂದಾಗಲೇ ನೋಡಿಕೊಳ್ಳಬೇಕಾದ ಸಂಗತಿ.)

ಇಲ್ಲಿ ಒಂದು ಸೂಕ್ಷ್ಮ ಇದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರುವವರ ಬೇಸಿಕ್ ಆಗಲೇ 15,000ಕ್ಕಿಂತ ಜಾಸ್ತಿ ಇದ್ದರೆ ಅವರು ಪಿಂಚಣಿ ಯೋಜನೆಯ ಸದಸ್ಯರಾಗುವಂತಿಲ್ಲ. ಕಂಪನಿಯ ಶೇ. 12 ಪೂರ್ತಿ ಪಿಎಫ್‌ಗೇ ಹೋಗಬೇಕು. ನಮ್ಮ ಹುಡುಗ 14,000ಕ್ಕೆ ಸೇರಿದ್ದರಿಂದ ಸದಸ್ಯ. ಆಮೇಲೆ ಸಂಬಳ ಎಷ್ಟು ಏರಿದರೂ ಸದಸ್ಯತ್ವ ಮುಂದುವರಿಯುತ್ತದೆ. ಹೊಸ ಕಂಪನಿಯ ಎಚ್‌ಆರ್‌ನವರು ಈಗಿನ ಸಂಬಳ ಮಾತ್ರ ನೋಡಿ ಪಿಂಚಣಿ ಪಾಲು ನಿಲ್ಲಿಸಿಬಿಡುವುದುಂಟು, ಅಥವಾ ಅರ್ಹತೆ ಇಲ್ಲದವರಿಗೆ ಕಟ್ಟಿಬಿಡುವುದುಂಟು. ಎರಡೂ ಮುಂದೆ ವರ್ಗಾವಣೆಯ ಹೊತ್ತಿಗೆ ಅಡ್ಡ ಬರುತ್ತವೆ. ಹೊಸ ಕೆಲಸದ ಮೊದಲ ಪಾಸ್‌ಬುಕ್ ನಮೂದು ಬಂದ ಕೂಡಲೇ ಪಿಂಚಣಿ ಕಾಲಂ ಒಮ್ಮೆ ನೋಡಿದರೆ ಇದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಬಡ್ಡಿ. 2021-22ಕ್ಕೆ ಶೇ. 8.10, ಮರುವರ್ಷ 8.15, 2023-24 ಮತ್ತು 2024-25ಕ್ಕೆ 8.25. ಲೆಕ್ಕ ಪ್ರತಿ ತಿಂಗಳ ಬಾಕಿಯ ಮೇಲೆ ನಡೆಯುತ್ತದೆ. ಶೇ. 8.25 ಅಂದರೆ ತಿಂಗಳಿಗೆ ಶೇ. 0.6875, ಒಂದು ಲಕ್ಷಕ್ಕೆ 687 ರೂಪಾಯಿ 50 ಪೈಸೆ. ಆದರೆ ಖಾತೆಗೆ ಸೇರುವುದು ವರ್ಷದ ಕೊನೆಗೆ ಒಟ್ಟಿಗೆ. ಪಾಸ್‌ಬುಕ್‌ನಲ್ಲಿ ಅದು ಕಾಣಿಸಿಕೊಳ್ಳುವುದು ತಡವಾದರೂ ನಷ್ಟವಿಲ್ಲ, ಹಿಂದಿನ ತಾರೀಖಿನಿಂದಲೇ ಸೇರುತ್ತದೆ. ಹೀಗೆ ನಮ್ಮ ಹುಡುಗ ಮತ್ತು ಎರಡು ಕಂಪನಿಗಳು ಸೇರಿ ಪಿಎಫ್‌ಗೆ ಹಾಕಿದ 1,54,122 ರೂಪಾಯಿ, ಬಡ್ಡಿ ಸೇರಿ ಸುಮಾರು 1.75 ಲಕ್ಷ ಆಗಿದೆ.

ಈಗ ಬೈಕ್ ವಿಷಯಕ್ಕೆ ಬರೋಣ. ಮೊದಲನೆಯದಾಗಿ, ಇನ್ನೊಂದು ಕಡೆ ಕೆಲಸ ಸೇರಿ ಅಲ್ಲಿ ಪಿಎಫ್ ಶುರುವಾದವರಿಗೆ ಹಳೆಯದನ್ನು ಪೂರ್ತಿ ತೆಗೆಯುವ ಹಕ್ಕೇ ಇಲ್ಲ. ಪೂರ್ತಿ ವಾಪಸಾತಿ ಇರುವುದು ಕೆಲಸವಿಲ್ಲದೆ ಇರುವವರಿಗೆ. ಆ ಕಾಯುವ ಅವಧಿ ಎರಡು ತಿಂಗಳಿತ್ತು. 2025ರ ಅಕ್ಟೋಬರ್ 13ರ ಸಭೆಯಲ್ಲಿ ಟ್ರಸ್ಟಿಗಳ ಕೇಂದ್ರ ಮಂಡಳಿ ಅದನ್ನು ಹನ್ನೆರಡು ತಿಂಗಳಿಗೆ, ಪಿಂಚಣಿ ಹಣಕ್ಕಾದರೆ 36 ತಿಂಗಳಿಗೆ ಏರಿಸಲು ತೀರ್ಮಾನಿಸಿತು. "ನನ್ನ ಗೆಳೆಯ ತೆಗೆದಾನಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಆ ಗೆಳೆಯರು ನಡುವೆ ಬಿಡುವು ತೋರಿಸಿ ತೆಗೆದಿರುತ್ತಾರೆ.

ಎರಡನೆಯದು ತೆರಿಗೆ. ಐದು ವರ್ಷದ ನಿರಂತರ ಸೇವೆ ಮುಗಿಯುವ ಮೊದಲು ತೆಗೆದ ಮೊತ್ತ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪ್ಯಾನ್ ಕೊಟ್ಟವರಿಗೆ ಶೇ. 10 ಮೂಲದಲ್ಲೇ ಕಡಿತ. 1.75 ಲಕ್ಷಕ್ಕೆ ಅದು 17,500. ಇದರ ಮೇಲೆ ಕಂಪನಿಯ ಪಾಲು ಮತ್ತು ಅದರ ಬಡ್ಡಿ ಆ ವರ್ಷದ ಸಂಬಳದ ಆದಾಯಕ್ಕೆ ಸೇರುತ್ತದೆ. ಅಹಮದಾಬಾದು, ವಡೋದರ ಎರಡೂ ಸೇರಿದರೆ 51 ತಿಂಗಳು, ಅಂದರೆ ನಾಲ್ಕು ವರ್ಷ ಮೂರು ತಿಂಗಳು. ಎರಡನ್ನೂ ಸೂರತ್ ಖಾತೆಗೆ ವರ್ಗಾಯಿಸಿದರೆ ಹಿಂದಿನ ಸೇವೆ ಎಣಿಕೆಗೆ ಬರುತ್ತದೆ, 2026ರ ಮೇ ತಿಂಗಳು ಮುಗಿಯುವಾಗ ಐದು ವರ್ಷ ತುಂಬುತ್ತದೆ. ವರ್ಗಾಯಿಸದೆ ಬಿಟ್ಟರೆ ಸೂರತ್ ಖಾತೆಯ ಎಣಿಕೆ ಸೊನ್ನೆಯಿಂದಲೇ.

ಹಾಗಾದರೆ ಸುಮ್ಮನೆ ಅಲ್ಲೇ ಬಿಟ್ಟರೆ? ಬಡ್ಡಿ ನಿಲ್ಲುವುದಿಲ್ಲ ನಿಜ. ಆದರೆ ಕೆಲಸ ಬಿಟ್ಟ ಮೇಲೆ ಬೆಳೆದ ಬಡ್ಡಿಗೆ ತೆರಿಗೆ ಇದೆ. 2017ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಇದನ್ನೇ ಹೇಳಿತು. ಆ ಪ್ರಕರಣದವರು 2002ರಲ್ಲಿ ಕಂಪನಿ ಬಿಟ್ಟಾಗ ಖಾತೆಯಲ್ಲಿ ಸುಮಾರು 38 ಲಕ್ಷ ಇತ್ತು. 2011ರಲ್ಲಿ ತೆಗೆದಾಗ ಸುಮಾರು 82 ಲಕ್ಷ. ನಡುವಿನ ವರ್ಷಗಳ 44 ಲಕ್ಷ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗಲಿಲ್ಲ.

ಪಿಂಚಣಿಯ ಪಾಲಿನದು ಬೇರೆಯೇ ಕತೆ. ಅದಕ್ಕೆ ಬಡ್ಡಿ ಇಲ್ಲ, ಎಣಿಸುವುದು ಸೇವೆಯ ವರ್ಷಗಳನ್ನು. ಹತ್ತು ವರ್ಷ ತುಂಬಿದರೆ 58ರ ನಂತರ ಪಿಂಚಣಿ. ಪಿಂಚಣಿ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 15,000ಕ್ಕೆ 20 ವರ್ಷವಾದರೆ ತಿಂಗಳಿಗೆ 4,286 ರೂಪಾಯಿ. ದೊಡ್ಡ ಮೊತ್ತವೇನಲ್ಲ ಎಂದು ನನಗೂ ಅನಿಸುತ್ತದೆ. ಆದರೆ ಹತ್ತು ವರ್ಷಕ್ಕೆ ಮೊದಲು ಅದನ್ನು ತೆಗೆದರೆ ಆ 51 ತಿಂಗಳು ಎಣಿಕೆಯಿಂದ ಅಳಿಸಿಹೋಗುತ್ತದೆ. ವರ್ಗಾವಣೆ ಆದಾಗ ಹೊಸ ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಹಳೆಯ ಮೊತ್ತ ಕಾಣದೆ ಸೊನ್ನೆ ಇರುತ್ತದೆ. ಗಾಬರಿ ಬೇಡ. ಅಲ್ಲಿ ದಾಟಿ ಬರುವುದು ದುಡ್ಡಲ್ಲ, ಸೇವೆಯ ವಿವರ.

ವರ್ಗಾವಣೆಯ ಕೆಲಸ ಸುಲಭ, ಅದಕ್ಕೆ ಮೊದಲಿನ ತಯಾರಿಯೇ ಮುಖ್ಯ. ಸದಸ್ಯರ ಪೋರ್ಟಲ್‌ನಲ್ಲಿ `View > Service History` ತೆರೆಯಿರಿ. ಪ್ರತಿ ಕಂಪನಿಗೂ ಒಂದು ಸದಸ್ಯ ಸಂಖ್ಯೆ ಇರುತ್ತದೆ, ಅಹಮದಾಬಾದ್ ಕಚೇರಿಯದು `GJAHD` ಎಂದು ಶುರುವಾಗುವಂಥದು. ಎಲ್ಲದಕ್ಕೂ ಮೇಲೆ ಯುಎಎನ್ ಮಾತ್ರ ಒಂದೇ ಇರಬೇಕು. ಹಳೆಯ ಎರಡಕ್ಕೂ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಕಂಪನಿಯ ಬಾಗಿಲು ಬಡಿಯಬೇಕಿಲ್ಲ. ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ `Manage > Mark Exit` ನಲ್ಲಿ ನೀವೇ ಹಾಕಬಹುದು. ತಾರೀಖು ಸರಿಯಾಗಿ ಹಾಕಿ, ಒಮ್ಮೆ ಹಾಕಿದ್ದನ್ನು ಅಲ್ಲೇ ತಿದ್ದಲು ಬರುವುದಿಲ್ಲ. ಆಮೇಲೆ `Online Services > One Member - One EPF Account (Transfer Request)`. ಎರಡು ಹಳೆಯ ಖಾತೆಗೆ ಎರಡು ಅರ್ಜಿ. ಎಲ್ಲಿಯಾದರೂ ಕಂಪನಿಯ ಒಪ್ಪಿಗೆ ಕೇಳಿದರೆ ಈಗಿನ ಕಂಪನಿಯನ್ನೇ ಆರಿಸಿ, ಹಳೆಯವರ ಹಿಂದೆ ಅಲೆಯುವುದು ತಪ್ಪುತ್ತದೆ. 2025ರ ಜನವರಿಯ ಸುತ್ತೋಲೆಯ ನಂತರ, ಆಧಾರ್ ಜೋಡಣೆಯಾದ ಹೊಸ ಯುಎಎನ್‌ಗಳಿಗೆ ಬಹಳಷ್ಟು ಸಲ ಆ ಒಪ್ಪಿಗೆಯೂ ಬೇಕಾಗುವುದಿಲ್ಲ.

ನಮ್ಮವರಿಗೆ ಇಲ್ಲಿ ವಿಶೇಷವಾಗಿ ಅಡ್ಡ ಬರುವುದು ಹೆಸರು. ಗುಜರಾತಿ ಪದ್ಧತಿಯಲ್ಲಿ ಹೆಸರಿನ ಜೊತೆ ತಂದೆಯ ಹೆಸರು, ಮನೆತನದ ಹೆಸರು ಮೂರೂ ಇರಲೇಬೇಕು. ನಮ್ಮದರಲ್ಲಿ ಒಂದು ಇನಿಷಿಯಲ್, ಇಲ್ಲವೇ ಊರಿನ ಹೆಸರು. ಇಲ್ಲಿಯ ಎಚ್‌ಆರ್ ಗುಮಾಸ್ತರು ಖಾಲಿ ಜಾಗ ಸಹಿಸುವುದಿಲ್ಲ. ಆಧಾರ್‌ನಲ್ಲಿ ಬರೀ "ಮಂಜುನಾಥ ಬಿ" ಇದ್ದವನು ಪಿಎಫ್‌ನಲ್ಲಿ ಅಪ್ಪನ ಹೆಸರನ್ನೂ ಸೇರಿಸಿಕೊಂಡು ಮಾರುದ್ದ ಆಗಿಬಿಡುತ್ತಾನೆ. ಎರಡು ಕಡೆ ಹೊಂದದಿದ್ದರೆ ಒಂದೋ ಅರ್ಜಿ ತಿರಸ್ಕಾರ, ಇಲ್ಲವೇ ಹೊಸ ಕಂಪನಿ ಎರಡನೇ ಯುಎಎನ್ ಮಾಡಿಬಿಡುತ್ತದೆ. ಇದಕ್ಕೆ ಜಂಟಿ ಘೋಷಣೆ ಎಂಬ ತಿದ್ದುಪಡಿ ಇದೆ, ಪೋರ್ಟಲ್‌ನಲ್ಲೇ ಮಾಡಬಹುದು. ಹೆಸರು ಮಾತ್ರವಲ್ಲ, ಹುಟ್ಟಿದ ದಿನಾಂಕವೂ ಆಧಾರ್‌ಗೆ ಹೊಂದಬೇಕು. ಹೊಸ ಕೆಲಸ ಸೇರುವ ದಿನ ಹಳೆಯ ಯುಎಎನ್ ಅನ್ನು ಬರೆದುಕೊಟ್ಟು, ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಹಾಕಿ ಎಂದು ಹೇಳುವುದು ಎರಡು ನಿಮಿಷದ ಕೆಲಸ.

ಹಳೆಯ ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇದ್ದರೆ ದಾರಿ ಸ್ವಲ್ಪ ಉದ್ದ. ಪೋರ್ಟಲ್‌ನಲ್ಲಿ ಆ ಅವಧಿಯ ಪಾಸ್‌ಬುಕ್ ಕಾಣುವುದಿಲ್ಲ. ಟ್ರಸ್ಟ್ ಹಣ ಕಳಿಸಿದ ಜೊತೆಗೆ ಅನೆಕ್ಷರ್ ಕೆ ಎಂಬ ವಿವರಪಟ್ಟಿಯನ್ನೂ ಕಳಿಸಬೇಕು. ಅದು ಬಾರದಿದ್ದರೆ ದುಡ್ಡು ಬಂದರೂ ಸೇವೆಯ ದಿನಾಂಕಗಳು ಸೇರುವುದಿಲ್ಲ. ಅದರ ಪ್ರತಿಯೊಂದನ್ನು ನೀವೂ ಕೇಳಿ ಇಟ್ಟುಕೊಳ್ಳಿ.

ಸಂಬಳದಲ್ಲಿ ಕಡಿತ ಮಾಡಿ ಕಟ್ಟದೇ ಇರುವ ಕಂಪನಿಗಳೂ ಇವೆ. ಹಿಂದಿನ ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. 20ನೇ ತಾರೀಖಿನ ನಂತರ ನೋಂದಾಯಿತ ಮೊಬೈಲಿನಿಂದ 7738299899ಕ್ಕೆ `EPFOHO UAN KAN` ಎಂದು ಎಸ್ಎಂಎಸ್ ಕಳಿಸಿ. `UAN` ಅನ್ನು ಹಾಗೇ ಬಿಡಿ, ನಿಮ್ಮ ಸಂಖ್ಯೆ ಬರೆಯಬೇಕಿಲ್ಲ. `KAN` ಅಂದರೆ ಕನ್ನಡ, ಕೊನೆಯ ಕಂತು ಮತ್ತು ಬಾಕಿ ಕನ್ನಡದಲ್ಲೇ ಬರುತ್ತದೆ. ಎರಡು ತಿಂಗಳಿಗೂ ಅದೇ ಹಳೆಯ ಕಂತು ತೋರಿಸುತ್ತಿದ್ದರೆ ಸಂಬಳದ ಚೀಟಿ ಹಿಡಿದು ಮೊದಲು ಎಚ್‌ಆರ್ ಬಳಿ, ಆಮೇಲೆ `epfigms.gov.in` ನಲ್ಲಿ ದೂರು. ಗದಗದ ಹುಡುಗನ ಅಹಮದಾಬಾದ್ ಖಾತೆಯಲ್ಲಿ ಎಲ್ಲ 28 ಕಂತೂ ಇದ್ದವು, ಬಿಟ್ಟ ದಿನಾಂಕ ಮಾತ್ರ ಇರಲಿಲ್ಲ. ಅದನ್ನು ಅವನೇ ಹಾಕಿದ. ಬೈಕ್ ಈಗ ಕಂತಿನ ಮೇಲೆ ಬಂದಿದೆ.