ಟ್ಯಾಂಕ್ ಸೋರಿದ್ರೆ ಎಂ-ಸೀಲ್ ಬೇಡ, ವಾಷರ್ ನೋಡಿ

ಕುದುರೆಮುಖ, ಕಳಸದ ಮಳೆಯಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಸೋರ್ತಿದ್ಯಾ, ಮಳೆನೀರು ಇಳೀತಿದ್ಯಾ ಅಂತ ಗೊತ್ತಾಗೋದು ಕಷ್ಟ. ರಾತ್ರಿ ಎರಡೂ ವಾಲ್ವ್ ಬಂದ್ ಮಾಡಿ, ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ರೆ ಸೋರಿಕೆ ನಿಜ. ಔಟ್‌ಲೆಟ್ ನಟ್ ಸುತ್ತ ಒರೆಸಿ ಒಣ ಪೇಪರ್ ಹಿಡಿದ್ರೆ ಜಾಗವೂ ಸಿಗುತ್ತೆ.

ಆಮೇಲೆ ಎಲ್ಲರೂ ಮಾಡೋದು ಎರಡು ಕೆಲಸ: ರೆಂಚ್ ಹಾಕಿ ಇನ್ನಷ್ಟು ಬಿಗಿಯೋದು, ಹೊರಗಿಂದ ಎಂ-ಸೀಲ್ ಮೆತ್ತೋದು. ಎರಡೂ ಬೇಡ ಅಂತೀವಿ ನಾವು.

ಒಂದು ಮೀಟರ್ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಬರೀ 100 ಗ್ರಾಂ. ಅದನ್ನು ತಡೆಯೋಕೆ ರಬ್ಬರ್ ವಾಷರ್ ಸ್ವಲ್ಪ ಒತ್ತಿದ್ರೆ ಸಾಕು. ಅತಿಯಾಗಿ ಬಿಗಿದ್ರೆ ಅದು ಹಿಸುಕಿಕೊಂಡು ಪಕ್ಕಕ್ಕೆ ಜಾರುತ್ತೆ. ಪಾಲಿಥೀನ್ ಗೋಡೆಗೆ ಎಂ-ಸೀಲ್ ಗಟ್ಟಿಯಾಗಿ ಅಂಟೋದೂ ಇಲ್ಲ.

ಮುಖ್ಯ ಪ್ರಶ್ನೆ, ವಾಷರ್ ಎಲ್ಲಿದೆ? ಹೊರಗೆ ನಟ್ ಹತ್ತಿರ ಮಾತ್ರ ಇದ್ರೆ, ನೀರು ತೂತಿನೊಳಗೆ ನುಗ್ಗಿ ನಿಪ್ಪಲ್‌ನ ಥ್ರೆಡ್ ಹಿಡಿದು ಹೊರಗೆ ಬರುತ್ತೆ. ಟ್ಯಾಂಕಿನ ಒಳಗೆ, ನಿಪ್ಪಲ್ ತಲೆಗೂ ಗೋಡೆಗೂ ನಡುವೆ ವಾಷರ್ ಇದ್ರೆ ನೀರು ತೂತಿಗೇ ಬರಲ್ಲ.

ಹಾಗಾಗಿ ಟ್ಯಾಂಕ್ ಖಾಲಿ ಮಾಡಿ, ನಿಪ್ಪಲ್ ಬಿಚ್ಚಿ, ತೂತಿನ ಅಂಚಿನ ಚೂರುಗಳನ್ನು ಕೆರೆದು ಒರೆಸಿ. ಹೊಸ ವಾಷರನ್ನು ಒಳಗಡೆ ಕೂರಿಸಿ, ನಿಪ್ಪಲ್ ತಿರುಗದ ಹಾಗೆ ಹಿಡ್ಕೊಂಡು ನಟ್ ಕೈಯಲ್ಲೇ ಬಿಗಿಯಿರಿ. ಆಮೇಲೆ ರೆಂಚಲ್ಲಿ ಕಾಲು ಸುತ್ತು ಸಾಕು. ಪೈಪಿನ ಭಾರ ನಿಪ್ಪಲ್ ಮೇಲೆ ಬೀಳದ ಹಾಗೆ ಗೋಡೆಗೆ ಕ್ಲಾಂಪ್ ಹಾಕಿ, ಇಲ್ಲದಿದ್ರೆ ಹೊಸ ವಾಷರ್ ಕೂಡ ಸೋರುತ್ತೆ.