ಮುಖ ನನ್ನದು, ಚಿತ್ರ ನನ್ನದಲ್ಲ

ಕಾಲೇಜು ಫೆಸ್ಟ್ ದಿನ ಅಮ್ಮನ ಸೀರೆ ಉಟ್ಟು ತೆಗೆಸಿಕೊಂಡ ಫೋಟೊವನ್ನು ನನ್ನ ರೂಮ್‌ಮೇಟ್ ತನ್ನ ಪ್ರೊಫೈಲ್‌ಗೆ ಹಾಕಿದ್ದಳು. ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಜೂನಿಯರ್ ಹುಡುಗಿಯೊಬ್ಬಳು ಲಿಂಕ್ ಕಳಿಸಿ, ‘ಅಕ್ಕಾ, ಇದು ನೀವೇನಾ?’ ಎಂದು ಕೇಳಿದಳು. ತೆರೆದು ನೋಡಿದರೆ ಮುಖ ಅವಳದೇ. ಕಿವಿಯ ಜುಮುಕಿಯೂ ಅದೇ, ನಿಂತ ಭಂಗಿಯೂ ಅದೇ. ಸೀರೆ ಮಾತ್ರ ಇರಲಿಲ್ಲ.

ಇಂಥ ಚಿತ್ರ ಮಾಡಲು ಈಗ ಯಾವ ಜಾಣತನವೂ ಬೇಕಿಲ್ಲ. 2026ರ ಜನವರಿ ಆರಂಭದಲ್ಲಿ ಎಕ್ಸ್ ಜಾಲತಾಣದಲ್ಲಿ ಹೆಣ್ಣುಮಕ್ಕಳ ಫೋಟೊ ಕೆಳಗೆ ಒಂದು ಸಾಲು ಬರೆದು, ಗ್ರೋಕ್ ಎಂಬ ಎಐ ಕೈಲಿ ಬಟ್ಟೆ ಕಡಿಮೆ ಮಾಡಿಸಿದ ಚಿತ್ರಗಳು ಹರಿದಾಡಿದವು. ಕೇಂದ್ರ ಸರ್ಕಾರ ಆ ಕಂಪನಿಗೆ ನೋಟಿಸ್ ಕೊಟ್ಟಿತು. ಫೆಬ್ರುವರಿಯಲ್ಲಿ ಐಟಿ ನಿಯಮಗಳೂ ಬಿಗಿಯಾದವು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಹಾಸ್ಟೆಲ್ ರೂಮಿನಲ್ಲಿ ಕೈ ನಡುಗುತ್ತಾ ಕೂತವಳಿಗೆ ಆ ನಿಯಮ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದು ಬೇರೆಯೇ ಮಾತು.

ಅವಳಿಗೆ ಮೊದಲು ಅನ್ನಿಸಿದ್ದು ಆ ಖಾತೆಗೆ ಮೆಸೇಜ್ ಮಾಡಿ ಬೈಯಬೇಕು, ತನ್ನ ಅಕೌಂಟ್ ಡಿಲೀಟ್ ಮಾಡಬೇಕು ಎಂದು. ಎರಡೂ ಬೇಡ ಅಂದೆ. ಬೈದರೆ ಅವನು ಬ್ಲಾಕ್ ಮಾಡುತ್ತಾನೆ ಅಥವಾ ಹೆಸರು ಬದಲಿಸುತ್ತಾನೆ. ಆಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷ ಸಾಕ್ಷ್ಯಕ್ಕೆ ಕೊಟ್ಟೆವು. ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಪೋಸ್ಟ್ ತೆರೆದು, ಮೇಲಿನ ಪೂರ್ತಿ ಲಿಂಕ್ ಮತ್ತು ಮೂಲೆಯ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆವು. ಖಾತೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವ ಹೆಸರಿಗಿಂತ ಲಿಂಕ್‌ನಲ್ಲಿರುವ ಯೂಸರ್‌ನೇಮ್ ಮುಖ್ಯ, ಅದನ್ನು ಬರೆದಿಟ್ಟುಕೊಂಡೆವು. ಅವಳ ಅಸಲಿ ಫೋಟೊವನ್ನೂ ಅದೇ ಫೋಲ್ಡರ್‌ಗೆ ಹಾಕಿದೆವು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದರಿಂದ ಯಾವುದು ಹುಟ್ಟಿತೆಂದು ಯಾರಿಗೂ ವಿವರಿಸಬೇಕಿಲ್ಲ.

ಇನ್ನೊಂದು ಕೆಲಸ ನಮ್ಮ ಬ್ರಾಂಚಿನವರಿಗೆ ಸುಲಭ, ಉಳಿದವರಿಗೂ ಕಷ್ಟವೇನಲ್ಲ. ಉಳಿಸಿಕೊಂಡ ಚಿತ್ರದ ಹ್ಯಾಶ್ ತೆಗೆಯುವುದು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಫೈಲ್ ಇರುವ ಫೋಲ್ಡರ್‌ಗೆ ಹೋಗಿ ಹೀಗೆ ಟೈಪ್ ಮಾಡಿದರೆ ಸಾಕು:

```
certutil -hashfile fake1.jpg SHA256
```

64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಪಿಕ್ಸೆಲ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವೇ ಇದೆ. ‘ಇದನ್ನು ನೀವೇ ತಿದ್ದಿರಬಹುದು’ ಎಂದು ನಾಳೆ ಯಾರಾದರೂ ವಾದಿಸಿದರೆ, ಇಂದಿನ ಫೈಲ್ ಅಂದಿನದೇ ಎಂದು ತೋರಿಸಲು ಇದು ಬೇಕು. ಅದೇ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಹ್ಯಾಶ್ ಬದಲಾಗುತ್ತದೆ. ‘ಎಲ್ಲರೂ ಸೇರಿ ರಿಪೋರ್ಟ್ ಮಾಡೋಣ’ ಎಂದು ಕ್ಲಾಸ್ ಗ್ರೂಪಿಗೆ ಹಾಕಬಾರದು ಎನ್ನುವುದಕ್ಕೆ ಇದು ಸಣ್ಣ ಕಾರಣ. ದೊಡ್ಡ ಕಾರಣ, ಹಾಗೆ ಹಂಚುವುದೂ ಹರಡುವುದೇ.

ನಂತರ ರಿಪೋರ್ಟ್. ಇಲ್ಲಿ ನಾವು ಎಡವಿದೆವು. ಗಾಬರಿಯಲ್ಲಿ ಅವಳು ‘ಸ್ಪ್ಯಾಮ್’ ಒತ್ತಿದ್ದಳು. ನಿಯಮ ಉಲ್ಲಂಘನೆ ಕಂಡುಬಂದಿಲ್ಲ ಎಂಬ ಯಂತ್ರದ ಉತ್ತರ ಬಂತು. ಒತ್ತಬೇಕಾದದ್ದು ನಗ್ನತೆ ಅಥವಾ ಒಪ್ಪಿಗೆಯಿಲ್ಲದ ಖಾಸಗಿ ಚಿತ್ರ ಎಂಬ ವಿಭಾಗ. ಅದರ ಜೊತೆಗೆ ಜಾಲತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಬೇಕು. ಅವರ ಹೆಸರು, ಸಂಪರ್ಕ ವಿಳಾಸವನ್ನು ಜಾಲತಾಣ ಪ್ರಕಟಿಸಲೇಬೇಕು. ನಾವು ಬರೆದದ್ದು ಮೂರೇ ಸಾಲು: ಇದು ನನ್ನ ಫೋಟೊದಿಂದ ಕೃತಕವಾಗಿ ತಯಾರಿಸಿದ ನಗ್ನ ಚಿತ್ರ, ನನ್ನ ಒಪ್ಪಿಗೆ ಇಲ್ಲ, ಐಟಿ ನಿಯಮ 2021ರ 3(2)(ಬಿ) ಅಡಿ ತೆಗೆಯಿರಿ. ಕೆಳಗೆ ಲಿಂಕ್. ಈ ನಿಯಮ ತಿದ್ದಿದ ಚಿತ್ರಗಳನ್ನೂ ಹೆಸರಿಸಿ ಹೇಳುತ್ತದೆ. ಬಾಧಿತರೇ ದೂರಬಹುದು, ಅವರ ಪರವಾಗಿ ಬೇರೆಯವರೂ ದೂರಬಹುದು. ಮೊದಲು 24 ಗಂಟೆ ಇದ್ದ ಗಡುವು 2026ರ ಫೆಬ್ರುವರಿ 20ರಿಂದ 2 ಗಂಟೆಗೆ ಇಳಿದಿದೆ. ನಮ್ಮದು ಹೋದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಗಡುವು ಮೀರಿತ್ತು, ಆದರೂ ಹೋಯಿತು. ಹೋಗದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, 30 ದಿನದೊಳಗೆ gac.gov.in ನಲ್ಲಿ ಮೇಲ್ಮನವಿ ಹಾಕಬಹುದು.

ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರಬಾರದಲ್ಲ? ಅದಕ್ಕೆ stopncii.org ಇದೆ, 18 ತುಂಬಿದವರಿಗೆ. ಎಐ ಮಾಡಿದ ಚಿತ್ರಗಳಿಗೂ ನಡೆಯುತ್ತದೆ. ಇಲ್ಲಿಯೂ ಹ್ಯಾಶ್ ಇದೆ, ಆದರೆ ಬೇರೆ ಜಾತಿಯದು. ಇದು ಫೈಲನ್ನಲ್ಲ, ಚಿತ್ರ ಕಾಣುವ ರೀತಿಯನ್ನು ಅಳೆಯುತ್ತದೆ. ಚಿತ್ರ ಸ್ವಲ್ಪ ಕುಗ್ಗಿದರೂ ಗುರುತು ಹತ್ತುತ್ತದೆ. ಲೆಕ್ಕ ನಮ್ಮ ಫೋನಿನಲ್ಲೇ ಆಗುತ್ತದೆ, ಚಿತ್ರ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ಹೋಗುವುದು ಅಂಕಿ ಮಾತ್ರ. ‘ಮತ್ತೆ ಅಪ್‌ಲೋಡ್ ಮಾಡ್ಬೇಕಾ?’ ಎಂದು ಹೆದರಿದ್ದ ನನ್ನ ಗೆಳತಿಗೆ ಅದು ಅರ್ಥವಾದ ಮೇಲೆ ಸಮಾಧಾನವಾಯಿತು. ಮಿತಿಯೂ ಇದೆ. ಸೇರಿಕೊಂಡ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ರೆಡಿಟ್‌ನಂಥ ತಾಣಗಳಲ್ಲಷ್ಟೇ ಇದು ತಡೆಯುತ್ತದೆ. ಚಿತ್ರವನ್ನು ತುಂಬಾ ಕತ್ತರಿಸಿದರೆ ತಪ್ಪಿಸಿಕೊಳ್ಳುತ್ತದೆ. ಅದೇ ಫೋಟೊದಿಂದ ಹೊಸ ಚಿತ್ರ ಮಾಡಿದರೆ ಹೊಸ ಹ್ಯಾಶ್ ಬೇಕು. 18 ತುಂಬದವರಿಗೆ ಇದೇ ಬಗೆಯ ‘ಟೇಕ್ ಇಟ್ ಡೌನ್’ ಎಂಬ ಬೇರೆ ಸೇವೆ ಇದೆ.

ಚಿತ್ರ ಹೋಯಿತಲ್ಲ, ಪೊಲೀಸರ ಹತ್ತಿರ ಯಾಕೆ? ಠಾಣೆಯಲ್ಲೂ ಒಬ್ಬರು ಅದನ್ನೇ ಕೇಳಿದರು: ‘ನಿಜವಾದ ಫೋಟೊ ಅಲ್ವಲ್ಲಮ್ಮ, ಡಿಲೀಟೂ ಆಗಿದೆ.’ ಖಾತೆಯ ಹಿಂದಿನ ಫೋನ್ ನಂಬರ್, ಐಪಿ ವಿಳಾಸ ನಮಗೆ ಯಾರೂ ಕೊಡುವುದಿಲ್ಲ, ತನಿಖೆ ಮಾಡುವವರಿಗೆ ಕೊಡುತ್ತಾರೆ. ತೆಗೆದ ಚಿತ್ರ ಮತ್ತು ಅದರ ದಾಖಲೆಯನ್ನು ಜಾಲತಾಣ ತನಿಖೆಗಾಗಿ 180 ದಿನ ಇಟ್ಟುಕೊಳ್ಳಬೇಕು. ಸೆಮಿಸ್ಟರ್ ಮುಗಿಯಲಿ ಎಂದು ಕಾದರೆ ಅದೂ ಹೋಗಬಹುದು.

‘ನಿಜವಾದ ಫೋಟೊ ಅಲ್ಲ’ ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಐಟಿ ಕಾಯ್ದೆಯ 66ಇ ವ್ಯಕ್ತಿಯ ಖಾಸಗಿ ಅಂಗದ ಚಿತ್ರದ ಬಗ್ಗೆ ಹೇಳುತ್ತದೆ. ಆ ದೇಹ ಅವಳದಲ್ಲವೇ ಅಲ್ಲ ಎಂದು ವಕೀಲರು ವಾದಿಸಬಹುದು. ಆದರೆ 67ನೇ ಕಲಂಗೆ ದೇಹ ಯಾರದೆಂಬುದು ಬೇಕಿಲ್ಲ, ಅಶ್ಲೀಲವಾದದ್ದನ್ನು ಪ್ರಕಟಿಸಿದ್ದೇ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಲೈಂಗಿಕ ಕ್ರಿಯೆಯ ಚಿತ್ರವಾದರೆ 67ಎ, 5 ವರ್ಷದವರೆಗೆ. ಹಣ ಕೇಳಿ ಬೆದರಿಸಿದರೆ ಸುಲಿಗೆಯೂ ಸೇರುತ್ತದೆ. ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೊ 2023ರ ನವೆಂಬರ್‌ನಲ್ಲಿ ಹರಡಿದಾಗ, ದೆಹಲಿ ಪೊಲೀಸರು ಜನವರಿಯಲ್ಲಿ ಆಂಧ್ರದಿಂದ ಆರೋಪಿಯನ್ನು ಹಿಡಿದರು. ತಾರೆಗೆ ಎರಡು ತಿಂಗಳು ಹಿಡಿಯಿತು. ನಮಗೆ ಎಷ್ಟೋ, ಸುಳ್ಳು ಭರವಸೆ ನಾನು ಕೊಡಲಾರೆ.

cybercrime.gov.in ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆ ದೂರಬಹುದು, ಆದರೆ ಆ ದೂರು ಏನಾಯಿತೆಂದು ನೋಡಲಾಗುವುದಿಲ್ಲ. ನಾವು ಹೆಸರು ಕೊಟ್ಟೇ ದೂರಿದೆವು, ಸಂಖ್ಯೆ ಬಂತು. ಅದನ್ನು ಹಿಡಿದು ಜಿಲ್ಲೆಯ ಸಿಇಎನ್ ಠಾಣೆಗೆ ಹೋದೆವು. ‘ನಮ್ಮ ವ್ಯಾಪ್ತಿಯಲ್ಲ’ ಎಂದರೆ ಹಿಂದಿರುಗಬೇಕಿಲ್ಲ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ಬಿಎನ್‌ಎಸ್‌ಎಸ್ 173ನೇ ಕಲಂ ಹೇಳುತ್ತದೆ.

‘ಅಪ್ಪಂಗೆ ಮಾತ್ರ ಹೇಳ್ಬೇಡ ಕಣೇ’ ಎಂದಿದ್ದವಳು ಎಫ್‌ಐಆರ್ ಆದ ದಿನ ತಾನೇ ಫೋನ್ ಮಾಡಿ ಹೇಳಿದಳು. ಜಾಲತಾಣದಿಂದ ಪೊಲೀಸರಿಗೆ ಉತ್ತರ ಇನ್ನೂ ಬಂದಿಲ್ಲ. ಫೆಸ್ಟ್ ಫೋಟೊವನ್ನು ಅವಳು ಪ್ರೊಫೈಲ್‌ನಿಂದ ತೆಗೆದಿಲ್ಲ. ಅದು ಸಾಕ್ಷ್ಯ ಎಂಬುದು ಒಂದು ಕಾರಣ. ಅದರಲ್ಲಿರುವುದು ಅಮ್ಮನ ಸೀರೆ ಎಂಬುದು ಇನ್ನೊಂದು.